ಹಬಾರಿಗೆ ಜವಾಬು ಕೊಡ್ರಿ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. ‘ಏನ್ ಬಿಸಲ್ರೀ ಇದು!’ ಅನ್ನುತ್ತಾರೆ. ಎದುರಿನವರು ‘ಕೇಳಬ್ಯಾಡ್ರಿ, ಜೀವ ಹೋಗೂದೊಂದ ಬಾಕಿ’ ಅನ್ನಬೇಕು. ಅಷ್ಟಾದರೆ ಭೇಟಿ ಕ್ರಮಬದ್ಧವಾಗಿ ಆರಂಭವಾಯಿತು ಎಂದು ಅರ್ಥ. ದೇವದುರ್ಗದ ಕಡೆ ಹೋದರೆ ‘ಶರಣ್ರೀ’ ಮೊದಲು ಬರುತ್ತದೆ, ಅದರ ಬೆನ್ನಿಗೇ ‘ಮಳಿ ಆತೇನ್ರಿ ನಿಮ್ಮ ಕಡಿ?’ ಬರುತ್ತದೆ. ಮಾನ್ವಿಯಲ್ಲಿ ದಾಸರ ನೆಲದ ನೆನಪಿಗೋ ಏನೋ, ನಮಸ್ಕಾರಕ್ಕೆ ಸ್ವಲ್ಪ ಹೆಚ್ಚು ಮರ್ಯಾದೆ. ಆದರೂ ಅಲ್ಲಿಯೂ ಅದು ಒಂಟಿಯಾಗಿ ಬರುವುದಿಲ್ಲ. ಆರಾಮದೀರಿ? ಮನಿಯಾಗ ಎಲ್ಲಾರೂ ಆರಾಮ? ಭತ್ತದ ಧಾರಣಿ ಏನಾತು? ಹುಡುಗನ ನೌಕರಿ ಏನಾತು? ಇಷ್ಟನ್ನೆಲ್ಲ ಕೇಳಿದ ಮೇಲೆಯೇ, ಬಂದವನು ಕೈಗಡ ಕೇಳಲು ಬಂದದ್ದು ಎಂದು ಗೊತ್ತಾಗುವುದು.

ಬೆಂಗಳೂರಿನ ನಮ್ಮ ನೆಂಟರಿಗೆ ಇದು ದೊಡ್ಡ ಕಾಲಹರಣ. ಅವರು ‘ಹಾಯ್’ ಎನ್ನುತ್ತಾರೆ, ನಾವೂ ‘ಹಾಯ್’ ಎನ್ನುತ್ತೇವೆ, ಆಮೇಲೆ ಇಬ್ಬರೂ ಫೋನು ನೋಡುತ್ತೇವೆ. ಅವರ ಪ್ರಕಾರ ನಾವಿನ್ನೂ ಹಿಂದುಳಿದ ಪ್ರದೇಶ. ಇರಬಹುದು. ಆದರೆ ಈ ಹಿಂದುಳಿದ ಅಭ್ಯಾಸ ಆಫ್ರಿಕಾದ ಪೂರ್ವ ತೀರದಲ್ಲಿ, ಅದೂ ಸಿಂಹ ನೋಡಲು ಹೋದಲ್ಲಿ, ಕೈ ಹಿಡಿಯುತ್ತದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ.

ತಾಂಜಾನಿಯಾಕ್ಕೆ ಹೊರಟ ನಮ್ಮ ತಂಡ ಸಣ್ಣದು. ಮಾನ್ವಿಯ ನಿವೃತ್ತ ಮಾಸ್ತರು, ದೇವದುರ್ಗದಲ್ಲಿ ಹತ್ತಿಯ ಅಡತಿ ಇಟ್ಟಿರುವ ಸಾಹುಕಾರರು, ಅವರ ಮನೆಯವರಾದ ಅಕ್ಕಾವ್ರು, ಮತ್ತು ರಾಯಚೂರಿನಿಂದ ನಾನು. ಸಫಾರಿ ಎಂಬ ಪದವೇ ನಮಗೆ ಮೊದಲು ಗೊಂದಲ ತಂದಿತು. ನಮ್ಮ ಕಡೆ ಸಫಾರಿ ಎಂದರೆ ಮದುವೆಯಲ್ಲಿ ಅಳಿಯನಿಗೆ ಹೊಲಿಸುವ ಅರ್ಧ ತೋಳಿನ ಅಂಗಿ-ಪ್ಯಾಂಟು. ಇಂಜಿನಿಯರುಗಳೂ ರಾಜಕಾರಣಿಗಳ ಬಂಟರೂ ಹಾಕುತ್ತಿದ್ದದ್ದು ಅದೇ. ಪ್ರವಾಸ ಏರ್ಪಡಿಸಿದವರಿಗೆ ಸಫಾರಿ ಎಂದರೆ ಮಾಡು ಎತ್ತಿದ ಜೀಪಿನಲ್ಲಿ ನಿಂತು ಪ್ರಾಣಿ ನೋಡುವುದು. ಸ್ವಾಹಿಲಿಯವರಿಗೆ ಮಾತ್ರ ಅದು ಬರೀ ಪ್ರಯಾಣ. ದಾರ್ ಎಸ್ ಸಲಾಮಿಗೆ ಬಸ್ಸಿನಲ್ಲಿ ಹೋಗುವ ಮುದುಕಿಯದೂ ಸಫಾರಿಯೇ. ಹೊರಡುವವರಿಗೆ ‘ಸಫಾರಿ ನ್ಜೇಮಾ’ ಎಂದು ಹಾರೈಸುತ್ತಾರೆ, ಅಂದರೆ ಪ್ರಯಾಣ ಚೆನ್ನಾಗಿರಲಿ. ಅರಬ್ಬಿಯ ಸಫರ್ ಅಲ್ಲಿ ಸಫಾರಿ ಆಯಿತು, ಉರ್ದುವಿನಲ್ಲಿ ಸಫರ್ ಆಗಿಯೇ ಉಳಿಯಿತು.

ಪ್ರವಾಸದ ಕಂಪನಿ ಒಂದು ಹಾಳೆ ಕೊಟ್ಟಿತ್ತು. ‘ಉಪಯುಕ್ತ ಸ್ವಾಹಿಲಿ ಪದಗಳು’ ಎಂಬ ತಲೆಬರಹದ ಕೆಳಗೆ ಮೊದಲ ಪದವೇ ‘ಜಾಂಬೊ’, ಅರ್ಥ ‘ಹಲೋ’. ಮಾಸ್ತರು ವಿಮಾನ ಇಳಿಯುವ ಮೊದಲೇ ಹಾಳೆಯನ್ನು ಪೂರ್ತಿ ಬಾಯಿಪಾಠ ಮಾಡಿದ್ದರು. ಸಾಹುಕಾರರು ಅದರಲ್ಲಿ ಎಲೆ ಅಡಕೆ ಸುತ್ತಿಟ್ಟುಕೊಂಡಿದ್ದರು.

ಆ ಹಾಳೆಯ ಕೊರತೆ ಏನೆಂದು ಅರೂಷಾ ಊರಿನ ಮೊದಲ ಬೆಳಿಗ್ಗೆಯೇ ತಿಳಿಯಿತು. ಬರೀ ‘ಜಾಂಬೊ’ ಎನ್ನುವುದು ಪ್ರವಾಸಿಗರಿಗೆಂದೇ ಇಟ್ಟ ಸ್ವಾಹಿಲಿ. ಊರಿನವರು ತಮ್ಮತಮ್ಮಲ್ಲಿ ಹಾಗೆ ಹೇಳುವುದು ಅಪರೂಪ. ಅವರದು ‘ಹುಜಾಂಬೊ?’ ಎಂಬ ಪ್ರಶ್ನೆ, ‘ಸಿಜಾಂಬೊ’ ಎಂಬ ಉತ್ತರ. ಹಲವರನ್ನು ಕೇಳುವಾಗ ‘ಹಮ್‌ಜಾಂಬೊ?’, ಹಲವರ ಪರವಾಗಿ ಉತ್ತರ ‘ಹತುಜಾಂಬೊ’. ಜಾಂಬೊ ಎಂದರೆ ಸಂಗತಿ, ವಿಷಯ. ನಿನಗೆ ಏನೂ ವಿಷಯವಿಲ್ಲ ತಾನೆ, ಅಂದರೆ ತೊಂದರೆಯೇನೂ ಇಲ್ಲ ತಾನೆ ಎಂದು ಕೇಳುತ್ತಾರೆ. ಇಲ್ಲ ಎಂದು ಉತ್ತರಿಸುತ್ತಾರೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ದಿನಾ ನಡೆಯುವ ‘ಏನ್ರೀ ವಿಶೇಷ?’, ‘ಏನಿಲ್ರಿ’ ಎಂಬ ಮಾತುಕತೆಯನ್ನು ಯಾರೋ ಹಡಗಿಗೆ ಹಾಕಿ ಕಳಿಸಿದಂತಿದೆ. ವಿಶೇಷ ಏನೂ ಇಲ್ಲದಿರುವುದೇ ಕ್ಷೇಮ ಎಂಬ ತಿಳಿವಳಿಕೆ ಎರಡೂ ಕಡೆ ಇದೆ.

ಜಾಂಬೊ ಪ್ರವಾಸಿಗಳ ಬಾಯಿಗೆ ಹತ್ತಿದ್ದಕ್ಕೆ ಒಂದು ಹಾಡೂ ಕಾರಣ. ಕೀನ್ಯಾದ ‘ದೆಮ್ ಮಶ್ರೂಮ್ಸ್’ ಎಂಬ ವಾದ್ಯತಂಡ 1982ರಲ್ಲಿ ‘ಜಾಂಬೊ ಬ್ವಾನಾ’ ಎಂಬ ಹಾಡು ತಂದಿತು. ಕರಾವಳಿಯ ಹೋಟೆಲುಗಳಲ್ಲಿ ವಿದೇಶಿ ಅತಿಥಿಗಳ ಮುಂದೆ ಹಾಡುತ್ತಿದ್ದವರು ಆ ಅತಿಥಿಗಳಿಗೆಂದೇ ಸುಲಭ ಪದಗಳಲ್ಲಿ ಹೆಣೆದದ್ದು. ಇಂದಿಗೂ ಸಫಾರಿ ಕ್ಯಾಂಪುಗಳಲ್ಲಿ ಯಾರದಾದರೂ ಹುಟ್ಟುಹಬ್ಬವಿದ್ದರೆ ಅಡುಗೆಯವರೆಲ್ಲ ಪಾತ್ರೆ ಬಡಿಯುತ್ತ ಅದನ್ನೇ ಹಾಡುತ್ತಾರೆ. ಹಾಗಾಗಿ ಜಾಂಬೊ ಎಂದರೆ ತಪ್ಪಲ್ಲ. ಆದರೆ ಅದಕ್ಕೆ ತಿರುಗಿ ಜಾಂಬೊ ಎಂದು ಬಂತೆಂದರೆ, ಎದುರಿನವರು ನಿಮ್ಮನ್ನು ಪ್ರವಾಸಿಗರ ಖಾತೆಗೆ ಬರೆದುಕೊಂಡರು ಎಂದೇ ತಿಳಿಯಿರಿ. ‘ಸಿಜಾಂಬೊ’ ಎಂದು ಬಂದರೆ ಸಂಭಾಷಣೆ ಶುರುವಾಗಿದೆ.

ಇಲ್ಲಿಯೇ ಇರುವುದು ಇಡೀ ಗುಟ್ಟು. ಸ್ವಾಹಿಲಿ ಕುಶಲಪ್ರಶ್ನೆಗಳೆಲ್ಲ ಬೀಗ-ಕೀಲಿಯ ಹಾಗೆ ಜೋಡಿಯಾಗಿಯೇ ಬರುತ್ತವೆ. ಪ್ರತಿ ಪ್ರಶ್ನೆಗೂ ಅದರದ್ದೇ ಗೊತ್ತಾದ ಉತ್ತರವಿದೆ. ಹಾಳೆಯಲ್ಲಿ ಪ್ರಶ್ನೆಗಳಿದ್ದವು, ಉತ್ತರಗಳಿರಲಿಲ್ಲ. ಹಾಗಾಗಿ ಪೂರ್ತಿ ಬಾಯಿಪಾಠ ಮಾಡಿದ ಮಾಸ್ತರು ಎಲ್ಲರನ್ನೂ ‘ಹಬಾರಿ?’ ಎಂದು ಕೇಳುತ್ತಿದ್ದರು. ಯಾರಾದರೂ ಅವರನ್ನೇ ‘ಹಬಾರಿ?’ ಎಂದು ಕೇಳಿದರೆ ಪರೀಕ್ಷೆಯಲ್ಲಿ ಸಿಲೆಬಸ್ಸಿನ ಆಚೆಯ ಪ್ರಶ್ನೆ ಬಂದಂತೆ ನಿಲ್ಲುತ್ತಿದ್ದರು.

ಹಬಾರಿ ಎಂದರೆ ಸುದ್ದಿ. ಬರೀ ಹಬಾರಿ ಎಂದು ಬಿಡುವುದು ಕಡಿಮೆ, ಅದಕ್ಕೊಂದು ಬಾಲ ಇರುತ್ತದೆ. ‘ಹಬಾರಿ ಜಾ ಅಸುಬುಹಿ’ ಎಂದರೆ ಬೆಳಗಿನ ಸುದ್ದಿ ಏನು, ‘ಹಬಾರಿ ಜಾ ಕಾಜಿ’ ಎಂದರೆ ಕೆಲಸದ ಸುದ್ದಿ, ‘ಜಾ ನ್ಯುಂಬಾನಿ’ ಎಂದರೆ ಮನೆಯದು, ‘ಜಾ ಸಫಾರಿ’ ಎಂದರೆ ದಾರಿಯದು. ಪರಿಚಯವಿದ್ದವರು ಹಬಾರಿಯನ್ನೂ ನುಂಗಿ ‘ಜಾ ಲೆಯೊ?’ ಎಂದಷ್ಟೇ ಕೇಳುತ್ತಾರೆ, ಇವತ್ತಿನದು ಏನು ಎಂದು. ಉತ್ತರ ‘ನ್ಜೂರಿ’, ಅಂದರೆ ಚೆನ್ನಾಗಿದೆ. ‘ನ್ಜೇಮಾ’ ಎನ್ನಬಹುದು, ‘ಸಲಾಮಾ’ ಎನ್ನಬಹುದು. ಏನೇ ಆಗಿರಲಿ ಮೊದಲ ಉತ್ತರ ಒಳ್ಳೆಯದೇ ಆಗಿರಬೇಕು. ಮನೆಯಲ್ಲಿ ಕಾಯಿಲೆ ಇರಲಿ, ಬೆಳೆ ಹೋಗಿರಲಿ, ಮೊದಲು ‘ನ್ಜೂರಿ’. ಆಮೇಲೆ ‘ಲಾಕೀನಿ’ ಎಂದು ಎಳೆದು ಸಂಕಟ ಹೇಳಿಕೊಳ್ಳಬಹುದು. ಈ ಲಾಕೀನಿ ನಮ್ಮ ರಾಯಚೂರಿನ ಉರ್ದುವಿನ ‘ಲೇಕಿನ್’. ‘ಆರಾಮದೀವ್ರಿ, ಆದ್ರ...’ ಎಂದು ನಾವು ಎಳೆಯುವ ‘ಆದ್ರ’ವೂ ಅದೇ ಜಾಗದಲ್ಲಿ ಕೂರುತ್ತದೆ.

ಇದು ನಡೆಯುವುದನ್ನು ಹತ್ತಿರದಿಂದ ನೋಡಬೇಕಾದರೆ ಸೆರೆಂಗೆಟಿಯ ನಾಬಿ ಹಿಲ್ ಗೇಟಿನಲ್ಲಿ ನಿಲ್ಲಬೇಕು. ಅಲ್ಲಿ ಪರವಾನಗಿ ಕಾಗದ ತೋರಿಸದೆ ಯಾವ ಗಾಡಿಯೂ ಮುಂದೆ ಹೋಗುವುದಿಲ್ಲ. ಹತ್ತಾರು ಗಾಡಿಗಳು ಧೂಳು ಮೆತ್ತಿಕೊಂಡು ನಿಂತಿರುತ್ತವೆ. ನಮ್ಮ ಚಾಲಕ ಕಾಗದಗಳನ್ನು ಹಿಡಿದು ಕಿಟಕಿಗೆ ಹೋದ. ಕಾಗದ ಕೊಡಲಿಲ್ಲ.

‘ಹಬಾರಿ ಜಾ ಅಸುಬುಹಿ?’
‘ನ್ಜೂರಿ. ಹಬಾರಿ ಜಾ ಸಫಾರಿ?’
‘ಸಲಾಮಾ. ಜಾ ಕಾಜಿ?’
‘ನ್ಜೇಮಾ ತು. ಜಾ ವಗೇನಿ?’
‘ವೋಟೆ ವಜೀಮಾ.’

ವಗೇನಿ ಎಂದರೆ ಅತಿಥಿಗಳು, ಅಂದರೆ ನಾವು. ನಾವೆಲ್ಲ ಸೌಖ್ಯ ಎಂದು ನಮ್ಮ ಪರವಾಗಿ ಅವನೇ ವರದಿ ಒಪ್ಪಿಸಿದ. ಬಲಗೈ ಕುಲುಕುವಾಗ ಎಡಗೈಯನ್ನು ಬಲ ಮುಂಗೈಗೆ ಆನಿಸಿಕೊಂಡಿದ್ದ, ಗೌರವಕ್ಕೆ. ಇಷ್ಟಾದ ಮೇಲೆ ಕಾಗದ ಹೊರಬಂತು. ಪಕ್ಕದ ಗಾಡಿಯ ವಿದೇಶಿ ಮಹಾಶಯರೊಬ್ಬರು ಸೀದಾ ಕಿಟಕಿಗೆ ಬಂದು ಇನ್ನೆಷ್ಟು ಹೊತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಿಟಕಿಯವನು ಅವರಿಗೆ ನಿಧಾನವಾಗಿ ಗುಡ್ ಮಾರ್ನಿಂಗ್ ಹೇಳಿದ. ಅದು ಬೈಗುಳ ಎಂದು ಮಹಾಶಯರಿಗೆ ಗೊತ್ತಾಗಲಿಲ್ಲ. ಸಾಹುಕಾರರಿಗೆ ತಕ್ಷಣ ಗೊತ್ತಾಯಿತು. ‘ನಮ್ಮ ತಹಸೀಲ ಕಚೇರಿ ಗುಮಾಸ್ತಗ ಆರಾಮದೀರೇನು ಅಂತ ಕೇಳದ ಪಹಣಿ ಕೇಳಿದ್ರ ಹಿಂಗ ಆಗತೈತಿ’ ಎಂದರು.

ಹಬಾರಿ ಎಂಬ ಪದವನ್ನು ಮೊದಲ ಸಲ ಕೇಳಿದಾಗ ಅಕ್ಕಾವ್ರು ಮುಖ ಸಣ್ಣದು ಮಾಡಿದ್ದಕ್ಕೂ ಕಾರಣವಿದೆ. ನಮ್ಮಲ್ಲಿ ‘ಖಬರ್ ಐತೇನ್ ನಿನಗ?’ ಎಂದರೆ ಬೈದಂತೆ. ಎಚ್ಚರವಿಲ್ಲದವನು ‘ಖಬರಗೇಡಿ’. ಹಬಾರಿಯೂ ಖಬರೂ ಒಂದೇ ಅರಬ್ಬಿ ಬೇರಿನಿಂದ ಬಂದವು, ಎರಡೂ ಕಡೆ ಮೂಲ ಅರ್ಥ ಸುದ್ದಿಯೇ. ನಮ್ಮ ಕಡೆ ಸುದ್ದಿ ಹೋಗಿ ಪ್ರಜ್ಞೆ ಆಯಿತು, ಅಲ್ಲಿ ಸುದ್ದಿ ಹೋಗಿ ಕುಶಲ ಆಯಿತು.

ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಗದ ಪತ್ರಗಳ ಭಾಷೆ ಉರ್ದು. ಆಡಳಿತ ಹೋದರೂ ಪದಗಳು ಹೋಗಲಿಲ್ಲ. ಅತ್ತ ಆಫ್ರಿಕಾದ ಕರಾವಳಿಗೆ ಅರಬ್ಬಿ ವ್ಯಾಪಾರಿಗಳ ಹಡಗುಗಳು ಮುಂಗಾರು ಹಿಂಗಾರು ಗಾಳಿ ಹಿಡಿದು ಶತಮಾನಗಳ ಕಾಲ ಓಡಾಡಿದವು. ಸ್ವಾಹಿಲಿ ಎಂಬ ಹೆಸರೇ ಕರಾವಳಿ ಎಂಬ ಅರಬ್ಬಿ ಪದದಿಂದ ಬಂದದ್ದು. ಭಾಷೆಯ ಎಲುಬು ಆಫ್ರಿಕಾದ ಬಾಂಟು ನುಡಿಗಳದ್ದು, ಮೈಮೇಲಿನ ಒಡವೆಗಳಲ್ಲಿ ಬಹಳಷ್ಟು ಅರಬ್ಬಿ. ಹಾಗಾಗಿ ಅರೂಷಾದ ಪೇಟೆಯಲ್ಲಿ ಸಾಹುಕಾರರು ಬೋರ್ಡುಗಳನ್ನು ಓದುತ್ತ ಹೋದಾಗ ಬಹಳ ಕಡೆ ಅವರಿಗೆ ತರ್ಜುಮೆ ಬೇಕಾಗಲಿಲ್ಲ. ‘ದುಕಾ’ ದುಕಾನು. ‘ದವಾ’ ದವಾಖಾನೆಯ ದವಾ. ‘ವಕೀಲಿ’ ವಕೀಲ. ‘ಸಬೂನಿ’ ಸಾಬೂನು. ‘ಹೆಸಾಬು’ ಅಂತೂ ಅವರ ಉಸಿರು. ಪೈಸೆ ನಮ್ಮ ದೇಶದಿಂದಲೇ ಹೋಗಿ ಅಲ್ಲಿ ‘ಪೇಸಾ’ ಆಗಿದೆ, ಗಾಡಿ ‘ಗಾರಿ’ ಆಗಿದೆ, ಚಪಾತಿ ಮಾತ್ರ ಚಪಾತಿಯಾಗಿಯೇ ಇದೆ. ‘ಸಿಂಬಾ ಅಂದ್ರ ಸಿಂಹಾನ, ನೋಡ್ರಿ!’ ಎಂದು ಮಾಸ್ತರು ಕುಣಿದರು. ಅದು ಮಾತ್ರ ಕಾಕತಾಳೀಯ. ಸಿಂಬಾ ಅಪ್ಪಟ ಬಾಂಟು ಪದ, ನಮ್ಮ ಸಿಂಹ ಸಂಸ್ಕೃತದ್ದು. ಮಾಸ್ತರು ಇದನ್ನು ಇಂದಿಗೂ ಒಪ್ಪಿಲ್ಲ.

ಇನ್ನು ಶಿಕಮೋ ವಿಚಾರ. ಪ್ರವಾಸಿಗರ ಹಾಳೆಗಳಲ್ಲಿ ಇದು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ. ನನ್ನನ್ನು ಕೇಳಿದರೆ ಮೊದಲ ಸಾಲಿನಲ್ಲಿರಬೇಕು. ಹಿರಿಯರನ್ನು ಕಂಡ ಕಿರಿಯರು ‘ಶಿಕಮೋ’ ಎನ್ನುತ್ತಾರೆ, ಹಿರಿಯರು ‘ಮರಹಬಾ’ ಎನ್ನುತ್ತಾರೆ. ತಾಂಜಾನಿಯಾದಲ್ಲಿ ಇದು ಕಡ್ಡಾಯಕ್ಕೆ ಹತ್ತಿರ. ಕೀನ್ಯಾದ ಒಳನಾಡಿನಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ, ಕರಾವಳಿಯಲ್ಲಿ ಇದೆ. ಶಿಕಮೋ ಎಂದರೆ ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂಬುದರ ಸವೆದ ರೂಪ ಎಂದು ಅಲ್ಲಿಯವರೇ ವಿವರಿಸುತ್ತಾರೆ. ಕಾಲು ಮುಟ್ಟಲು ಬಗ್ಗುವುದಿಲ್ಲ, ಮಾತಿನಲ್ಲೇ ಮುಗಿಯುತ್ತದೆ. ‘ಕಾಲಿಗೆ ಬಿದ್ದೆನ್ರೀ ಯಪ್ಪಾ’ ಎಂದು ಫೋನಿನಲ್ಲೇ ಮುಗಿಸುವ ನಮ್ಮ ಮೊಮ್ಮಕ್ಕಳಿಗೆ ಇದು ಹೊಸದಲ್ಲ. ಗೊರೊಂಗೊರೊ ಕಡೆಯ ಮಸಾಯಿ ಮಕ್ಕಳದು ಇನ್ನೊಂದು ಕ್ರಮ. ಹಿರಿಯರ ಮುಂದೆ ಬಂದು ತಲೆ ಬಗ್ಗಿಸಿ ನಿಲ್ಲುತ್ತಾರೆ. ಹಿರಿಯರು ನೆತ್ತಿಯ ಮೇಲೆ ಅಂಗೈ ಇಡಬೇಕು. ಅಕ್ಕಾವ್ರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಲಿಲ್ಲ. ಸಾಲಾಗಿ ಬಂದ ಮಕ್ಕಳ ತಲೆಗಳನ್ನೆಲ್ಲ ಸವರಿ, ಕೊನೆಯವಳಿಗೆ ನೆಟಿಗೆಯನ್ನೂ ತೆಗೆದರು. ಆ ಹುಡುಗಿ ಬೆರಳು ಮುರಿದ ಸದ್ದಿಗೆ ಬೆರಗಾಗಿ ಮತ್ತೆ ಸಾಲಿನ ತುದಿಗೆ ಹೋಗಿ ನಿಂತಳು.

ಶಿಕಮೋದಲ್ಲಿ ಆಗುವ ಅನಾಹುತ ಏನೆಂದರೆ ದಿಕ್ಕು ತಪ್ಪುವುದು. ಅದು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವ ನೀರು. ಮಾಸ್ತರು ಕ್ಯಾಂಪಿನ ಊಟದ ಡೇರೆಯಲ್ಲಿ, ಮೀಸೆ ಇನ್ನೂ ಸರಿಯಾಗಿ ಮೂಡದ ಬಡಿಸುವ ಹುಡುಗನಿಗೆ ಕೈಜೋಡಿಸಿ ‘ಶಿಕಮೋ’ ಎಂದರು. ಹುಡುಗನ ಕೈಯಲ್ಲಿದ್ದ ಸಾರಿನ ಬಟ್ಟಲು ನಡುಗಿತು. ಅಡುಗೆಯವರೆಲ್ಲ ನಕ್ಕರು. ಹಿರಿಯ ಅಡುಗೆಯವ ಹೊರಬಂದು, ‘ನೀವು ಅವನಿಗೆ ಹೇಳಬೇಡಿ, ಅವನು ನಿಮಗೆ ಹೇಳಬೇಕು’ ಎಂದು ತಿದ್ದಿ, ಅವರ ಉದ್ಯೋಗ ಕೇಳಿದ. ಮಾಸ್ತರಿಕೆ ಎಂದು ಗೊತ್ತಾದದ್ದೇ ತಡ, ಅವರ ದೆಸೆ ತಿರುಗಿತು. ಅಲ್ಲಿ ಶಿಕ್ಷಕರಿಗೆ ‘ಮ್ವಾಲಿಮು’ ಎನ್ನುತ್ತಾರೆ. ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಶಿಕ್ಷಕರಾಗಿದ್ದವರು, ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ತಾವೇ ಸ್ವಾಹಿಲಿಗೆ ತಂದು 1963ರಲ್ಲಿ ಪ್ರಕಟಿಸಿದವರು. ಜನ ಅವರನ್ನು ಇಂದಿಗೂ ಮ್ವಾಲಿಮು ಎಂದೇ ಕರೆಯುತ್ತಾರೆ. ಅವರ ಪಕ್ಷ 1954ರ ಜುಲೈ 7ರಂದು ಸ್ವಾಹಿಲಿಯನ್ನು ಸ್ವಾತಂತ್ರ್ಯ ಹೋರಾಟದ ಭಾಷೆಯಾಗಿ ಸ್ವೀಕರಿಸಿದ ನೆನಪಿಗೇ ಯುನೆಸ್ಕೊ ಆ ದಿನವನ್ನು ವಿಶ್ವ ಸ್ವಾಹಿಲಿ ದಿನವೆಂದು ಘೋಷಿಸಿದೆ. ಶಾಲೆಗಳಲ್ಲಿ ಮಾಸ್ತರು ಒಳಗೆ ಬಂದರೆ ಇಡೀ ತರಗತಿ ಎದ್ದು ‘ಶಿಕಮೋ ಮ್ವಾಲಿಮು’ ಎನ್ನುತ್ತದೆ. ಅಂದಿನಿಂದ ಕ್ಯಾಂಪಿನ ಹುಡುಗರೆಲ್ಲ ನಮ್ಮ ಮಾನ್ವಿ ಮಾಸ್ತರರಿಗೆ ಅದನ್ನೇ ಹೇಳತೊಡಗಿದರು. ನಿವೃತ್ತಿಯಾದ ಮೇಲೆ ಯಾರೂ ಎದ್ದು ನಿಲ್ಲುವುದಿಲ್ಲ ಎಂದು ಕೊರಗುತ್ತಿದ್ದವರು ಬೇಕೆಂದೇ ಡೇರೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತಿದ್ದರು.

ಓರಗೆಯವರಲ್ಲಿ ಶಿಕಮೋ ನಡೆಯುವುದಿಲ್ಲ. ಹುಡುಗರು ಹುಡುಗರಿಗೆ ‘ಮಾಂಬೊ?’ ಎನ್ನುತ್ತಾರೆ, ‘ಪೋವಾ’ ಎಂದು ಉತ್ತರ ಬರುತ್ತದೆ. ಮಾಂಬೊ ಎಂಬುದು ಜಾಂಬೊದ ಬಹುವಚನ, ಪೋವಾ ಎಂದರೆ ತಂಪು. ಹಿರಿಯರಿಗೆ ಮಾಂಬೊ ಎಂದರೆ ನಮ್ಮೂರ ಅಜ್ಜನಿಗೆ ‘ಏನಲೇ’ ಎಂದಷ್ಟು ಕೆಟ್ಟದ್ದಲ್ಲ, ಆದರೆ ಆ ದಾರಿಯಲ್ಲೇ ಇದೆ.

ಸಂಬಂಧವಾಚಕಗಳಲ್ಲಿ ಮಾತ್ರ ನಮ್ಮ ಕಡೆಯವರಿಗೆ ತಲೆ ಸುತ್ತುತ್ತದೆ. ಅಪರಿಚಿತರನ್ನೂ ನೆಂಟರನ್ನಾಗಿ ಮಾಡಿಕೊಂಡು ಕರೆಯುವ ಪದ್ಧತಿ ಅಲ್ಲೂ ಇದೆ, ಆದರೆ ಯಾರೋ ಪದಗಳನ್ನು ಚೀಲದಲ್ಲಿ ಹಾಕಿ ಕುಲುಕಿದಂತಿದೆ. ಕಾಕಾ ಎಂದರೆ ಅಣ್ಣ. ದಾದಾ ಎಂದರೆ ಅಕ್ಕ. ಬಾಬು ಎಂದರೆ ಅಜ್ಜ. ಬೀಬಿ ಎಂದರೆ ಅಜ್ಜಿ. ಮಾಮಾ ಎಂದರೆ ತಾಯಿ, ಯಾವುದೇ ಹಿರಿಯ ಹೆಂಗಸಿಗೂ ಮರ್ಯಾದೆಯ ಕರೆ. ಚಾಲಕ ಪ್ರತಿ ಬೆಳಿಗ್ಗೆ ಗಾಡಿಯ ಬಾಗಿಲು ತೆಗೆದು ಅಕ್ಕಾವ್ರಿಗೆ ‘ಕರೀಬು ಮಾಮಾ’ ಎನ್ನುತ್ತಿದ್ದ. ‘ಮೀಸಿ ಇಲ್ಲದ ಮಾಮಾನ್ನ ಈ ಮನಶ್ಯಾ ಎಲ್ಲಿ ನೋಡ್ಯಾನ?’ ಎಂದು ಅವರು ಗಂಡನನ್ನು ಕೇಳುತ್ತಿದ್ದರು. ಅರ್ಥ ಗೊತ್ತಾದ ಮೇಲೆ ಅವನಿಗೆ ದಿನಾ ಶೇಂಗಾ ಚಟ್ನಿಪುಡಿಯ ಜೊತೆ ಒಂದು ಕಡಕ್ ರೊಟ್ಟಿ ಹೆಚ್ಚಾಗಿ ಸಿಗತೊಡಗಿತು. ನಮ್ಮಲ್ಲಿ ಹೆಂಗಸರನ್ನು ‘ಶರಣನವ್ವ’, ‘ಮಲ್ಲನವ್ವ’ ಎಂದು ಮಕ್ಕಳ ಹೆಸರಿನಿಂದ ಕರೆಯುವಂತೆ ಅಲ್ಲಿಯೂ ಜುಮಾನ ತಾಯಿ ‘ಮಾಮಾ ಜುಮಾ’. ಆಕೆಯ ಸ್ವಂತ ಹೆಸರು ಬೀದಿಗೆ ಗೊತ್ತಿರಬೇಕೆಂದಿಲ್ಲ.

ಬಂದವರಿಗೆ ಹೇಳುವ ‘ಕರೀಬು’ ಹತ್ತಿರ ಬಾ ಎಂಬುದರಿಂದ ಬಂದದ್ದು, ಉರ್ದುವಿನ ಕರೀಬ್. ಒಬ್ಬರಿಗೆ ಕರೀಬು, ಹಲವರಿಗೆ ಕರೀಬುನಿ. ‘ಅಸಾಂತೆ’ ಎಂದರೆ ಧನ್ಯವಾದ, ಅದಕ್ಕೆ ಪ್ರತಿಯಾಗಿಯೂ ಕರೀಬು ಎನ್ನುತ್ತಾರೆ. ಆದರೆ ನನಗೆ ಮೆಚ್ಚುಗೆಯಾದದ್ದು ಊಟದ ಕರೀಬು. ದಾರಿ ಬದಿಯಲ್ಲಿ ತಟ್ಟೆ ಹಿಡಿದು ಕೂತ ಯಾರ ಮುಂದೆ ಹಾದುಹೋದರೂ ಅವರು ತಲೆ ಎತ್ತಿ ‘ಕರೀಬು’ ಎನ್ನುತ್ತಾರೆ. ನಾವು ‘ಅಸಾಂತೆ’ ಎಂದು ಮುಂದೆ ಹೋಗಬೇಕು. ‘ಬರ್ರಿ, ಊಟ ಮಾಡೂಣು’ ಎಂದರೆ ‘ಈಗ ಆತ್ರಿ, ನೀವ್ ಮಾಡ್ರಿ’ ಎನ್ನುವ ನಮಗೆ ಇದು ಹಾಲು ಕುಡಿದಷ್ಟು ಸಲೀಸು. ನಿಜವಾಗಿಯೂ ಪಕ್ಕದಲ್ಲಿ ಕೂತು ತಟ್ಟೆಗೆ ಕೈಹಾಕಿದ ವಿದೇಶಿ ಯುವಕನೊಬ್ಬನ ಕತೆಯನ್ನು ಚಾಲಕ ಹೇಳಿದ. ತಟ್ಟೆಯವನು ಏನು ಮಾಡಿದ ಎಂದು ಕೇಳಿದೆವು. ಏನು ಮಾಡುತ್ತಾನೆ, ಹಂಚಿಕೊಂಡ.

ಬೇರೆಯವರ ಮನೆಯ ಬಾಗಿಲಲ್ಲಿ ನಿಂತು ಕೂಗುವ ಪದ ‘ಹೋಡಿ’. ಒಳಗಿನಿಂದ ‘ಕರೀಬು’ ಬರುವವರೆಗೂ ಹೊಸ್ತಿಲು ದಾಟುವಂತಿಲ್ಲ. ನಮ್ಮ ಕಿವಿಗೆ ‘ಹೋಡಿ ಹೋಡಿ’ ಎಂದು ಕೇಳಿದರೆ ಜಗಳ ಬಿಡಿಸಲು ಹೋಗಬೇಕೆನ್ನಿಸುತ್ತದೆ. ಕ್ಯಾಂಪಿನಲ್ಲಿ ನಸುಕಿನಲ್ಲೇ ಚಹಾ ತರುವ ಹುಡುಗನೂ ಡೇರೆಯ ಹೊರಗೆ ನಿಂತು ಇದನ್ನೇ ಕೂಗುತ್ತಿದ್ದ. ಡೇರೆಗೆ ಬಡಿಯಲು ಬಾಗಿಲಿರುವುದಿಲ್ಲವಲ್ಲ.

‘ದಯವಿಟ್ಟು’ ಎಂಬುದಕ್ಕೆ ‘ತಫಧಾಲಿ’ ಎಂದು ಹಾಳೆಯಲ್ಲಿತ್ತು. ಪದ ಸರಿಯಾದದ್ದೇ. ಆದರೆ ನಮ್ಮ ದಯವಿಟ್ಟು ಹೇಗೆ ‘ದಯವಿಟ್ಟು ಇಲ್ಲಿ ಉಗುಳಬೇಡಿ’ ಎಂಬ ಫಲಕ ಬಿಟ್ಟು ಕೆಳಗಿಳಿಯುವುದಿಲ್ಲವೋ, ಬಹುಮಟ್ಟಿಗೆ ಅದರದ್ದೂ ಅದೇ ಪಾಡು. ರಾಯಚೂರಿನಲ್ಲಿ ‘ದಯವಿಟ್ಟು ನೀರು ಕೊಡಿ’ ಎಂದವನನ್ನು ಜನ ತಿರುಗಿ ನೋಡುತ್ತಾರೆ. ‘ಒಂದೀಟು ನೀರ ಕೊಡ್ರೀ’ ಎಂದರೆ ಕೊನೆಯ ‘ರೀ’ಯಲ್ಲೇ ಎಲ್ಲ ದಯೆಯೂ ಇರುತ್ತದೆ. ಸ್ವಾಹಿಲಿಯಲ್ಲಿ ಆ ಕೆಲಸ ಮಾಡುವುದು ‘ನಾಓಂಬಾ’. ಬೇಡುತ್ತೇನೆ ಎಂದು ಅರ್ಥ. ಚಹಾ ಬೇಕೆಂದರೆ ‘ನಾಓಂಬಾ ಚಾಯ್’, ನೀರು ಬೇಕೆಂದರೆ ‘ನಾಓಂಬಾ ಮಾಜಿ’. ‘ನೀಪೆ ಚಾಯ್’ ಎಂದರೂ ಚಹಾ ಬರುತ್ತದೆ, ಆದರೆ ಅದು ‘ಕೊಡು’ ಎಂದಂತೆ. ಸಾಹುಕಾರರಿಗೆ ಬೇಡುವುದೆಂದರೆ ಆಗದು. ಅವರು ಎಲ್ಲರಿಗೂ ಎರಡೂ ಕೈಜೋಡಿಸಿ ‘ಶರಣ್ರೀ, ಚಾ’ ಎನ್ನುತ್ತಿದ್ದರು. ಎಲ್ಲರಿಗಿಂತ ಮೊದಲು ಅವರಿಗೇ ಬರುತ್ತಿತ್ತು. ಮಾಸ್ತರರಿಗೆ ಇದು ಇಡೀ ಪ್ರವಾಸದ ದೊಡ್ಡ ಅನ್ಯಾಯ.

ನನ್ನ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಪದ ‘ಪೋಲೆ’. ಮೊದಲ ಸಲ ಯಾರಾದರೂ ‘ಪೋಲೆ, ಪೋಲೆ ಸಾನಾ’ ಎಂದರೆ ಕನ್ನಡಿಗರಿಗೆ ಸಿಟ್ಟು ಬರುತ್ತದೆ, ನಮ್ಮನ್ನೇಕೆ ಪೋಲಿ ಎನ್ನುತ್ತಾನೆ ಎಂದು. ಇಂಗ್ಲಿಷಿಗೆ ಅದನ್ನು ‘ಸಾರಿ’ ಎಂದು ಮಾಡಿ ಕೆಡಿಸಿದ್ದಾರೆ. ಪೋಲೆ ಎನ್ನುವವನು ಯಾವ ತಪ್ಪನ್ನೂ ಒಪ್ಪಿಕೊಳ್ಳುತ್ತಿಲ್ಲ. ನೀವು ಎಡವಿದರೆ, ಕೆಮ್ಮಿದರೆ, ದೂರದ ದಾರಿ ಬಂದರೆ, ಮನೆಯಲ್ಲಿ ಸಾವಾದರೆ, ಎಲ್ಲಕ್ಕೂ ಪೋಲೆ. ಕೆಲಸದಲ್ಲಿ ತೊಡಗಿದವನ ಪಕ್ಕ ಹಾದುಹೋಗುವಾಗ ‘ಪೋಲೆ ನಾ ಕಾಜಿ’, ಪ್ರಯಾಣ ಮುಗಿಸಿ ಬಂದವರಿಗೆ ‘ಪೋಲೆ ನಾ ಸಫಾರಿ’. ಅದಕ್ಕೆ ಉತ್ತರ ‘ಅಸಾಂತೆ’, ಅಥವಾ ‘ನಿಮೆಶಾಪೋವಾ’, ಅಂದರೆ ಆಗಲೇ ತಣ್ಣಗಾದೆ. ತಪ್ಪಾಯಿತು, ಕ್ಷಮಿಸಿ ಎನ್ನುವುದಕ್ಕೆ ಬೇರೆಯೇ ಪದವಿದೆ, ‘ಸಮಹಾನಿ’. ಕಾಲು ತುಳಿದರೆ ಸಮಹಾನಿ ಎನ್ನಬೇಕು. ತುಳಿಸಿಕೊಂಡವನನ್ನು ನೋಡಿದ ಮೂರನೆಯವನು ಪೋಲೆ ಎನ್ನುತ್ತಾನೆ.

ಒಂದು ಮಧ್ಯಾಹ್ನ ಗಾಡಿಯ ಟೈರು ಪಂಕ್ಚರಾಯಿತು. ಚಾಲಕ ಜಾಕು ಹಾಕಿ ಬೆವರು ಸುರಿಸುತ್ತಿದ್ದ. ಆ ದಾರಿಯಲ್ಲಿ ಹಾದ ಪ್ರತಿಯೊಂದು ಗಾಡಿಯೂ ನಿಧಾನಿಸಿತು, ಪ್ರತಿಯೊಬ್ಬ ಚಾಲಕನೂ ತಲೆ ಹೊರಹಾಕಿ ‘ಪೋಲೆ ಕಾಕಾ’ ಎಂದ. ಇಬ್ಬರು ಇಳಿದು ಕೈಗೂಡಿಸಿದರು, ಉಳಿದವರು ಪೋಲೆ ಹೇಳಿ ಹೋದರು. ‘ಬರೇ ಬಾಯಿಮಾತಿಂದ ನಟ್ಟು ಬಿಚ್ಚತೈತೇನ್ರಿ?’ ಎಂದು ಸಾಹುಕಾರರು ಕೇಳಿದರು. ಬಿಚ್ಚುವುದಿಲ್ಲ. ಆದರೆ ಉರಿಬಿಸಿಲಲ್ಲಿ ಬಂದವರಿಗೆ ‘ಪಾಪ, ಬಿಸಲಾಗ ಬಂದ್ರಿ, ಮೊದ್ಲ ನೀರ ಕುಡೀರಿ’ ಎನ್ನುವ ಊರಿನವರು ಈ ಪ್ರಶ್ನೆ ಕೇಳಬಾರದು ಎಂದು ಅಕ್ಕಾವ್ರು ಅವರ ಬಾಯಿ ಮುಚ್ಚಿಸಿದರು.

ಎಲ್ಲರೂ ನಿರೀಕ್ಷಿಸುವ ‘ಹಕೂನಾ ಮಟಾಟಾ’ ಬಗ್ಗೆ ಒಂದೇ ಮಾತು. 1994ರ ‘ದ ಲಯನ್ ಕಿಂಗ್’ ಸಿನಿಮಾ ಅದನ್ನು ಜಗತ್ತಿಗೆಲ್ಲ ಹಂಚಿತು. ಅದನ್ನು ಅಂಗಿಯ ಮೇಲಿನ ಮುದ್ರೆಯಾಗಿ ಡಿಸ್ನಿ ಕಂಪನಿ ಅಮೆರಿಕದಲ್ಲಿ ನೋಂದಣಿ ಮಾಡಿಸಿಕೊಂಡದ್ದರ ವಿರುದ್ಧ 2018ರಲ್ಲಿ ಆಫ್ರಿಕಾದವರು ದೊಡ್ಡ ಸಹಿ ಚಳವಳಿಯನ್ನೇ ನಡೆಸಿದರು. ಇಷ್ಟೆಲ್ಲ ಆದರೂ ತಾಂಜಾನಿಯಾದವರು ತಮ್ಮ ನಡುವೆ ಹೇಳುವುದು ‘ಹಮ್ನಾ ಶೀಡಾ’, ತೊಂದರೆ ಇಲ್ಲ ಎಂದು. ಮಟಾಟಾ ನಮಗೆ, ಶೀಡಾ ಅವರಿಗೆ.

ಬದಲಿಗೆ ‘ಬಾಡೊ’ ಕಲಿಯಿರಿ, ಬಹಳ ಉಪಯೋಗಕ್ಕೆ ಬರುತ್ತದೆ. ‘ಇನ್ನೂ ಇಲ್ಲ’ ಎಂದು ಅರ್ಥ. ಮದುವೆಯಾಗಿದೆಯೇ ಎಂದು ಕೇಳಿದರೆ ಇಲ್ಲ ಎನ್ನುವುದು ಒರಟು, ವಯಸ್ಸು ಎಷ್ಟೇ ಆಗಿರಲಿ ‘ಬಾಡೊ’ ಎನ್ನಬೇಕು. ಚಿರತೆ ಕಂಡಿತೇ ಎಂದು ಕ್ಯಾಂಪಿನವರು ಸಂಜೆ ಸಂಜೆಗೆ ಕೇಳಿದಾಗಲೂ ನಾವು ‘ಬಾಡೊ’ ಎನ್ನುತ್ತಿದ್ದೆವು. ಕೊನೆಯವರೆಗೂ ಅದನ್ನೇ ಎಂದೆವು.

ಹೊರಡುವಾಗ ‘ಕ್ವಾಹೇರಿ’. ಅದರೊಳಗಿನ ಹೇರಿ ನಮ್ಮ ಖೈರಿಯತ್ತಿನ ಖೈರ್. ಆದರೆ ಅಷ್ಟಕ್ಕೇ ಬಿಟ್ಟರೆ ಹೋಗಿಯೇ ಬಿಟ್ಟಂತೆ, ಅದಕ್ಕೇ ‘ತುತಾಓನಾನಾ’ ಸೇರಿಸುತ್ತಾರೆ, ಮತ್ತೆ ನೋಡೋಣ ಎಂದು. ‘ಹೋಗ್ತೀನಿ’ ಎಂದ ಮಾಸ್ತರರನ್ನು ಅಕ್ಕಾವ್ರು ತಡೆದು ‘ಹೋಗಿ ಬರ್ತೀನಿ ಅನ್ರಿ’ ಎಂದು ತಿದ್ದಿದ್ದು ವಿಮಾನ ನಿಲ್ದಾಣದ ಬಾಗಿಲಲ್ಲಿ. ಅವರು ಹೇಳುತ್ತಿದ್ದದ್ದು ಒಬ್ಬ ಪೊಲೀಸನಿಗೆ.

ರಾಯಚೂರಿನ ಕಡೆಯಿಂದ ಇನ್ನು ಮುಂದೆ ಹೋಗುವವರಿಗೆ ಇಷ್ಟು ಹೇಳಬಲ್ಲೆ. ಹಾಳೆಯ ಪದಗಳನ್ನು ಕಲಿಯಿರಿ, ಆದರೆ ಜವಾಬುಗಳನ್ನು ಮೊದಲು ಕಲಿಯಿರಿ. ಹಬಾರಿಗೆ ನ್ಜೂರಿ, ಹುಜಾಂಬೊಗೆ ಸಿಜಾಂಬೊ, ಪೋಲೆಗೆ ಅಸಾಂತೆ, ಹೋಡಿಗೆ ಕರೀಬು. ಗಡಿಬಿಡಿ ಮಾಡದೆ ಮನೆಮಂದಿಯನ್ನೆಲ್ಲ ವಿಚಾರಿಸಿ, ಆಮೇಲೆ ಕೆಲಸದ ಮಾತು ಎತ್ತಿ. ಅದು ನಿಮಗೆ ಬರುವ ವಿದ್ಯೆಯೇ. ತಲೆ ನರೆತವರು ‘ಮರಹಬಾ’ ಒಂದನ್ನಾದರೂ ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತಿ. ಶಿಕಮೋ ನಿಮಗೆ ಬಂದೇ ಬರುತ್ತದೆ.